ಒಂದೂವರೆ ಮಿಲಿಮೀಟರ್ ಹಿಡಿದದ್ದು

ಮೊದಲ ವರ್ಷದ ಮಕ್ಕಳೇ,

ಸೇತುವೆಗೆ ಎಕ್ಸ್‌ಪಾನ್ಷನ್ ಜಾಯಿಂಟ್, ಅಂದರೆ ಹಿಗ್ಗಲು ಬಿಡುವ ಸಂದು, ಯಾಕೆ ಬೇಕು ಎಂದು ಬೋರ್ಡ್ ಮೇಲೆ ಬರೆದರೆ ನೀವು ತಲೆ ಆಡಿಸುತ್ತೀರಿ, ಆದರೆ ನಂಬುವುದಿಲ್ಲ. ಅದಕ್ಕೇ ಬಿಸಿಲಿಗೆ ಕಾದು ಸೇತುವೆ ಉದ್ದವಾಗುವುದನ್ನು ಅಳೆದೇ ತೋರಿಸಬೇಕು ಅಂತ ಹೊರಟೆ. "ಒಂದೆರಡು ಮಿಲಿಮೀಟರ್ ಯಾರಿಗೆ ಕಾಣುತ್ತದೆ ಸರ್?" ಎಂದರು ಸ್ಟಾಫ್ ರೂಮಿನವರು. ಈ ಜನವರಿಯಲ್ಲಿ ಕಂಡಿತು.

ಉಡುಪಿ ಹತ್ತಿರದ ಒಂದು ಹಳ್ಳಿ ಸೇತುವೆ. ಎರಡು ಸ್ಪ್ಯಾನ್, ಒಂದೊಂದು ಸುಮಾರು 20 ಮೀಟರ್. ಎಡಗಡೆಯ ಸ್ಪ್ಯಾನ್ ದಡದಲ್ಲಿ ಫಿಕ್ಸ್, ನಡುವಿನ ಕಂಬದ, ಅಂದರೆ ಪಿಯರ್ ಮೇಲೆ ಫ್ರೀ. ಬಲಗಡೆಯದು ಅದೇ ಪಿಯರ್ ಮೇಲೆ ಫಿಕ್ಸ್. ಹಾಗಾಗಿ ನಡುವಿನ ಜಾಯಿಂಟಿನಲ್ಲಿ ಕಾಣುವ ಚಲನೆ ಎಡ ಸ್ಪ್ಯಾನಿನದು ಮಾತ್ರ.

ಮೊದಲು ಡಯಲ್ ಗೇಜ್ ತಂದೆ. ಸ್ವಂತ ದುಡ್ಡು, ಸಾವಿರದ ಐನೂರರ ಆಸುಪಾಸು. ಲಾರಿ ಹೋದಾಗೆಲ್ಲ ಮುಳ್ಳು ಕುಣಿಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಕರಾವಳಿ ಗಾಳಿಗೆ ತುಕ್ಕು ಹಿಡಿದು ಹೋಯಿತು. ಜಾಯಿಂಟಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿದೆ. ಅದು ಒಡೆಯಿತು. ಸೇತುವೆ ಅಲುಗಾಡಿದೆ ಅಂತ ಗೊತ್ತಾಯಿತು, ಎಷ್ಟು ಅಂತ ಗೊತ್ತಾಗಲಿಲ್ಲ.

ಕೊನೆಗೆ ಗೆದ್ದದ್ದು ಎರಡು ಹಿತ್ತಾಳೆ ಪಿನ್ನು ಮತ್ತು ನೀವು ಪಿಯುಸಿಯಲ್ಲಿ ಹಿಡಿದ ಅದೇ ವರ್ನಿಯರ್. ಖರ್ಚು ನೂರು ರೂಪಾಯಿಯೂ ಇಲ್ಲ. ಜಾಯಿಂಟಿನ ಆಚೆಗೊಂದು, ಈಚೆಗೊಂದು ಪಿನ್ನು ಕರ್ಬ್ ಮೇಲೆ ಕೂರಿಸಿ ನಡುವಿನ ದೂರ ಅಳೆಯುವುದು, ಅಷ್ಟೇ. ಡ್ರಿಲ್ ಹಾಕದೆ ಪಿನ್ನು ಹೇಗೆ ಗಟ್ಟಿಯಾಗಿ ನಿಲ್ಲಿಸಿದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಸಮಯವೇ ಮುಖ್ಯ. ಮಧ್ಯಾಹ್ನ 12ಕ್ಕೆ ಬಿಸಿಲು ಜೋರು, ಆದರೆ ದಪ್ಪ ಕಾಂಕ್ರೀಟ್ ಇನ್ನೂ ಕಾದಿರುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಸಲ, ಸಂಜೆ ನಾಲ್ಕು ದಾಟಿದ ಮೇಲೆ ಇನ್ನೊಂದು ಸಲ ಅಳೆಯಬೇಕು. ಸ್ಲ್ಯಾಬಿನ ಅಡಿಭಾಗ ಬೆಳಿಗ್ಗೆ 24 ಡಿಗ್ರಿ, ಸಂಜೆ 31 ಇತ್ತು. ಉದ್ದ, ಒಂದು ಡಿಗ್ರಿಗೆ ಕಾಂಕ್ರೀಟ್ ಹಿಗ್ಗುವ ಪ್ರಮಾಣ, ಏರಿದ ಡಿಗ್ರಿ ಮೂರನ್ನೂ ಗುಣಿಸಿದರೆ ಲೆಕ್ಕ ಹೀಗೆ:

20,000 mm × 0.000012 × 7 = 1.68 mm

ವರ್ನಿಯರ್ ತೋರಿಸಿದ್ದು ಒಂದೂವರೆ ಮಿ.ಮೀ. ಆಸುಪಾಸು. ಲೆಕ್ಕಕ್ಕಿಂತ ಕಡಿಮೆ ಯಾಕೆಂದರೆ ಸ್ಲ್ಯಾಬನ್ನು ಹೊತ್ತ ಬೇರಿಂಗ್ ಸ್ವಲ್ಪ ತಡೆಯುತ್ತದೆ, ಸ್ಲ್ಯಾಬಿನ ಒಳಭಾಗ ಅಷ್ಟು ಕಾಯುವುದೂ ಇಲ್ಲ. ಜುಲೈಯಲ್ಲೂ ಸುಮ್ನೆ ಅಳೆದು ನೋಡಿದೆ. ಮೋಡ ಕವಿದ ದಿನ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ.

ಇಷ್ಟಕ್ಕೆ ಜಾಗ ಬಿಡದಿದ್ದರೆ ಏನಾಗುತ್ತದೆ? ಎರಡೂ ತುದಿ ಪೂರ್ತಿ ಬಿಗಿಯಾಗಿದ್ದರೆ ಅದೇ 7 ಡಿಗ್ರಿಗೆ ಕಾಂಕ್ರೀಟಿನಲ್ಲಿ ಚದರ ಮಿ.ಮೀ.ಗೆ ಎರಡೂವರೆ ನ್ಯೂಟನ್ ಒತ್ತಡ. 3 ಚದರ ಮೀಟರ್ ಅಡ್ಡಕೊಯ್ತ ಹಿಡಿದರೆ ಸುಮಾರು 750 ಟನ್. ಲೋಡಾದ ಮೂವತ್ತು ಲಾರಿಗಳ ತೂಕ ದಡದ ಅಬಟ್‌ಮೆಂಟಿನ ಗೋಡೆಯನ್ನು ಅಡ್ಡಕ್ಕೆ ತಳ್ಳಿದ ಹಾಗೆ. ಅದು ಬಿರಿಯದೆ ಇರುತ್ತಾ?

ಜಾಯಿಂಟ್ ಇದ್ದೂ ಕೆಲಸ ಮಾಡದಿರುವುದೇ ಜಾಸ್ತಿ. ಮಣ್ಣು, ಜಲ್ಲಿ ಒಳಗೆ ಬಿದ್ದು ಗಟ್ಟಿಯಾಗುತ್ತದೆ. ಇಲ್ಲವೇ ರಸ್ತೆ ರಿಪೇರಿಯವರು ಮೇಲೆಯೇ ಟಾರು ಹಾಕಿಬಿಡುತ್ತಾರೆ. ಆಗ ಟಾರಿನಲ್ಲಿ ಅಡ್ಡಕ್ಕೆ ನೇರವಾದ ಬಿರುಕು ಏಳುತ್ತದೆ. ಮಳೆನೀರು ಅದರಲ್ಲಿ ಇಳಿದು ಪಿಯರ್ ತಲೆಯ ಮೇಲಿನ ಪಿಯರ್ ಕ್ಯಾಪ್ ಮೇಲೆ ಕಪ್ಪು ಕಲೆ ಮಾಡುತ್ತದೆ, ಆಮೇಲೆ ಬೇರಿಂಗ್ ಮತ್ತು ಕಂಬಿಗೆ ತುಕ್ಕು.

ಬರುವ ಶನಿವಾರ ಬೆಳಿಗ್ಗೆ ಆರಕ್ಕೆ ಅದೇ ಸೇತುವೆಗೆ ಬನ್ನಿ. ಮೊದಲು ಕೆಳಗೆ ಇಳಿದು ಪಿಯರ್ ಕ್ಯಾಪ್ ನೋಡೋಣ, ಆಮೇಲೆ ಅಳತೆ.