ವೆಲ್ಡಿಂಗ್ ಟೇಬಲ್ಲಿಗೆ ಬ್ಲೋವರ್ ಆರಿಸಿದ ಲೆಕ್ಕ: ಡಕ್ಟಿನ ಗೆರೆ, ಫ್ಯಾನಿನ ಗೆರೆ

ಅಂಗಡಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೇಳಿದರೆ ಮೊದಲು ಹೇಳುವುದು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು. ಆ ಅಂಕಿ ಫ್ಯಾನಿನ ಮುಂದೆ, ಹಿಂದೆ ಏನೂ ಇಲ್ಲದಾಗ ಅದು ತಳ್ಳುವ ಗಾಳಿಯದು. ಗೋಡೆಯ ತೂತಿಗೆ ಕೂರಿಸುವುದಾದರೆ ಅಷ್ಟು ಸಾಕು. ಹನ್ನೆರಡು ಮೀಟರ್ ಡಕ್ಟು, ಮೂರು ಬೆಂಡು, ಮೇಲೊಂದು ಮಳೆಟೋಪಿ ಇದ್ದರೆ ಆ ಅಂಕಿಯನ್ನು ನಂಬಿ ಕೊಳ್ಳಲಾಗದು. ಬೆಂಗಳೂರಿನ ಒಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ಡಿನ ವೆಲ್ಡಿಂಗ್ ಟೇಬಲ್ಲಿಗೆ ನಾನು ಬ್ಲೋವರ್ ಆರಿಸಿದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಗೋಡೆ ಬೇರೆ ಘಟಕದ್ದು. ಹಾಗಾಗಿ ಹೊಗೆಯನ್ನು ಮೇಲೆತ್ತಿ, ಶೆಡ್ಡಿನ ಉದ್ದಕ್ಕೂ ಒಯ್ದು, ಛಾವಣಿಯ ಮೇಲೆ ಬಿಡಬೇಕಿತ್ತು.

ಮೊದಲ ಪ್ರಶ್ನೆ, ಎಷ್ಟು ಗಾಳಿ ಬೇಕು ಎಂಬುದು. ಟೇಬಲ್ಲಿನ ಹಿಂಬದಿಗೆ 600 × 400 ಮಿಮೀ ಬಾಯಿಯ ಹುಡ್, ಅದರ ಸುತ್ತ ಅಂಚುಪಟ್ಟಿ. ಆರ್ಕ್ ಹೊಡೆಯುವ ಜಾಗ ಹುಡ್ಡಿನ ಬಾಯಿಂದ ಹೆಚ್ಚೆಂದರೆ 350 ಮಿಮೀ ದೂರ. ಅಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹುಡ್ಡಿನತ್ತ ಚಲಿಸಿದರೆ ವೆಲ್ಡಿಂಗ್ ಹೊಗೆ ಮುಖದತ್ತ ಏರುವ ಮೊದಲೇ ಸೆಳೆದುಹೋಗುತ್ತದೆ. ಅಂಚುಪಟ್ಟಿ ಇರುವ ಹುಡ್ಡಿಗೆ ಸೂತ್ರ ಹೀಗಿದೆ; Q ಬೇಕಾದ ಗಾಳಿ, V ಈ ವೇಗ, X ಬಾಯಿಂದ ಆರ್ಕಿಗಿರುವ ದೂರ, A ಬಾಯಿಯ ವಿಸ್ತೀರ್ಣ:

```
Q = 0.75 × V × (10·X² + A)
  = 0.75 × 0.5 × (10 × 0.35² + 0.24)
  = 0.55 m³/s
```

ಅಂದರೆ ಗಂಟೆಗೆ ಸುಮಾರು 2,000 ಘನಮೀಟರ್, ಅಂಗಡಿಯ ಭಾಷೆಯಲ್ಲಿ 1,165 ಸಿಎಫ್‌ಎಂ. ಸೂತ್ರದಲ್ಲಿ ದೂರ ವರ್ಗವಾಗಿ ಕೂತಿರುವುದನ್ನು ಗಮನಿಸಿ. ಕೆಲಸಗಾರ ಜಾಬನ್ನು 350ರಿಂದ 500 ಮಿಮೀ ದೂರಕ್ಕೆ ಎಳೆದುಕೊಂಡರೆ ಬೇಕಾದ ಗಾಳಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆದ್ದರಿಂದ ಫ್ಯಾನ್ ದೊಡ್ಡದು ಮಾಡುವ ಮೊದಲು ಹುಡ್ಡನ್ನು ಹತ್ತಿರ ತರಲು ಸಾಧ್ಯವೇ ಎಂದು ನೋಡಬೇಕು. ಅದಕ್ಕೆ ಕರೆಂಟ್ ಬಿಲ್ಲಿಲ್ಲ.

ಮುಂದೆ ಡಕ್ಟಿನ ಅಳತೆ. ವೆಲ್ಡಿಂಗ್ ಹೊಗೆ ಡಕ್ಟಿನೊಳಗೆ ಕೂರದಂತೆ ಸಾಗಲು ಸೆಕೆಂಡಿಗೆ 10ರಿಂದ 13 ಮೀಟರ್ ವೇಗ ಬೇಕು. 250 ಮಿಮೀ ಜಿಐ ಡಕ್ಟಿನಲ್ಲಿ ಈ ಗಾಳಿಗೆ 11.2 ಮೀಟರ್ ವೇಗ ಬರುತ್ತದೆ, ಸರಿಹೋಯಿತು. 300 ಹಾಕಿದರೆ ವೇಗ 7.8ಕ್ಕೆ ಇಳಿದು ಅಡ್ಡ ಡಕ್ಟಿನಲ್ಲಿ ಧೂಳು ಕೂರುತ್ತದೆ. 200 ಹಾಕಿದರೆ ತಗಡು ಸ್ವಲ್ಪ ಉಳಿಯುತ್ತದೆ, ಆದರೆ ಅದೇ ಗಾಳಿಗೆ ಡಕ್ಟಿನ ತಡೆ ಸುಮಾರು 2.7 ಪಟ್ಟಾಗುತ್ತದೆ. ತಗಡಿನ ಉಳಿತಾಯ ಒಂದು ಸಲದ್ದು, ತಡೆಯ ಖರ್ಚು ಫ್ಯಾನ್ ಓಡುವಷ್ಟು ದಿನವೂ ಇರುತ್ತದೆ.

ಈಗ ತಡೆಯ ಲೆಕ್ಕ. ಇದಕ್ಕೆಲ್ಲ ಆಧಾರ ಒಂದೇ ಅಂಕಿ: ಡಕ್ಟಿನಲ್ಲಿ ಓಡುವ ಗಾಳಿಯ ವೇಗದ ಒತ್ತಡ. 11.2 ಮೀಟರ್ ವೇಗಕ್ಕೆ ಅದು 75 ಪಾಸ್ಕಲ್. ಹತ್ತು ಪಾಸ್ಕಲ್ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ನೀರು ಎಂದಿಟ್ಟುಕೊಂಡರೆ ಯಾವ ಕ್ಯಾಟಲಾಗ್ ಆದರೂ ಓದಬಹುದು. ಬೆಂಡು, ಹುಡ್, ಟೋಪಿ ಪ್ರತಿಯೊಂದೂ ಈ 75ರಲ್ಲಿ ಇಷ್ಟು ಪಾಲು ತಿನ್ನುತ್ತದೆ. ಬಾಯಿಂದ ಡಕ್ಟಿಗೆ ಇಳಿಜಾರಾಗಿ ಕಿರಿದಾಗುವ ಹುಡ್ ಕಾಲು ಪಾಲು, ಅಂದರೆ 19 ಪಾಸ್ಕಲ್. ತಿರುವಿನ ತ್ರಿಜ್ಯ ಡಕ್ಟಿನ ವ್ಯಾಸದ ಒಂದೂವರೆ ಪಟ್ಟು ಇರುವ ಬೆಂಡಿಗೆ ನಾನು 0.3 ಹಿಡಿಯುತ್ತೇನೆ. ಮೂರು ಬೆಂಡಿಗೆ 68. ಡಕ್ಟಿನ ನೇರ ಭಾಗ ಮೀಟರಿಗೆ 5.8 ಪಾಸ್ಕಲ್ ಲೆಕ್ಕದಲ್ಲಿ 12 ಮೀಟರಿಗೆ 70. ಮಳೆಟೋಪಿಯನ್ನು ಡಕ್ಟಿನ ತುದಿಯಿಂದ ವ್ಯಾಸದ ಮುಕ್ಕಾಲು ಪಾಲು, ಅಂದರೆ 190 ಮಿಮೀ ಎತ್ತರದಲ್ಲಿ ಇಟ್ಟರೆ 14. ಒಟ್ಟು 171. ಜಾಯಿಂಟಿನ ಸೋರಿಕೆ, ಒರಟುತನ ಇವಕ್ಕೆಂದು ಹತ್ತು ಪರ್ಸೆಂಟಿಗಿಂತ ತುಸು ಹೆಚ್ಚು ಸೇರಿಸಿ 190 ಎಂದು ಬರೆದುಕೊಂಡೆ.

ಈ ಪಟ್ಟಿಯಲ್ಲಿ ಕಣ್ಣಿಗೆ ಚಿಕ್ಕದಾಗಿ ಕಾಣುವವೇ ಕೈಕೊಡುವವು. ಅದೇ ಟೋಪಿಯನ್ನು ಮಳೆ ಬರಬಾರದೆಂದು ಅರ್ಧ ವ್ಯಾಸದಷ್ಟಕ್ಕೆ ಇಳಿಸಿದರೆ 14ರ ಜಾಗದಲ್ಲಿ 55 ಪಾಸ್ಕಲ್ ಆಗುತ್ತದೆ. ಒಳಮೂಲೆ ಚೂಪಾಗಿರುವ ಚೌಕ ಬೆಂಡು ಸುಲಭವಾಗಿ ಮೂರು ನಾಲ್ಕು ಒಳ್ಳೆಯ ಬೆಂಡುಗಳಷ್ಟು ತಿನ್ನುತ್ತದೆ. ಸುಕ್ಕು ಬಿಡಿಸದೆ ಹಾಕಿದ ಫ್ಲೆಕ್ಸಿಬಲ್ ಡಕ್ಟೂ ಅಷ್ಟೇ ಕೆಟ್ಟದ್ದು. ಹಾಕಲೇಬೇಕಾದರೆ ಚಿಕ್ಕ ತುಂಡು ಸಾಕು, ಅದೂ ಪೂರ್ತಿ ಎಳೆದು ಹಾಕಬೇಕು.

190 ಎಂಬುದು ಒಂದು ಬಿಂದು ಮಾತ್ರ. ಡಕ್ಟಿನ ತಡೆ ಗಾಳಿಯ ವರ್ಗದ ಪ್ರಮಾಣದಲ್ಲಿ ಏರುವುದರಿಂದ ಉಳಿದ ಬಿಂದುಗಳನ್ನು ಅಲ್ಲಿಂದಲೇ ತೆಗೆಯಬಹುದು: 1,000 ಘನಮೀಟರಿಗೆ 47, 1,500ಕ್ಕೆ 107, 2,000ಕ್ಕೆ 190, 2,500ಕ್ಕೆ 297 ಪಾಸ್ಕಲ್. ಇದೇ ಡಕ್ಟಿನ ಗೆರೆ. ಎಷ್ಟು ತಡೆಗೆ ಫ್ಯಾನ್ ಎಷ್ಟು ಗಾಳಿ ಕೊಡುತ್ತದೆಂದು ತೋರಿಸುವ ಕ್ಯಾಟಲಾಗಿನ ಫ್ಯಾನ್ ಕರ್ವ್ ಮೇಲೆ ಇದನ್ನು ಪೆನ್ಸಿಲಿನಲ್ಲಿ ಎಳೆದರೆ, ಎರಡು ಗೆರೆ ಕೂಡುವ ಜಾಗದಲ್ಲಿ ಆ ಫ್ಯಾನ್ ನಿಮ್ಮ ಡಕ್ಟಿನಲ್ಲಿ ಓಡುತ್ತದೆ. ಬೇರೆಲ್ಲೂ ಓಡದು.

ಮೊದಲು 450 ಮಿಮೀ ಆಕ್ಸಿಯಲ್ ಫ್ಯಾನಿನ ಕರ್ವ್ ಮೇಲೆ ಎಳೆದು ನೋಡಿದೆ, ಏಕೆಂದರೆ ಅಗ್ಗವೆಂದು ಎಲ್ಲರೂ ಕೇಳುವುದು ಅದನ್ನೇ. ಬರಿಗಾಳಿಯಲ್ಲಿ ಅದು ಗಂಟೆಗೆ 6,000 ಘನಮೀಟರ್ ಕೊಡುತ್ತದೆ, ಬೇಕಾದ್ದಕ್ಕಿಂತ ಮೂರು ಪಟ್ಟು. 50 ಪಾಸ್ಕಲಿನಲ್ಲಿ 4,200, 80ರಲ್ಲಿ 2,800, 110 ಆಸುಪಾಸಿನಲ್ಲಿ ಅದರ ಶಕ್ತಿ ಮುಗಿಯಿತು. ಡಕ್ಟಿನ ಗೆರೆ ಅದನ್ನು 1,500ರ ಹತ್ತಿರ ಕೂಡುತ್ತದೆ. ಬೇಕಾದ್ದರಲ್ಲಿ ಮುಕ್ಕಾಲು, ಡಬ್ಬಿಯ ಮೇಲಿನ ಅಂಕಿಯಲ್ಲಿ ಕಾಲು. ಇನ್ನೂ ಕೆಟ್ಟದ್ದೆಂದರೆ ಆ ಜಾಗ ಕರ್ವಿನ ಎಡಗಡೆ, ಗಾಳಿ ರೆಕ್ಕೆಯಿಂದ ಕಳಚಿಕೊಳ್ಳುವ ಭಾಗ. ಅಲ್ಲಿ ಫ್ಯಾನ್ ಗುಡುಗುಟ್ಟುತ್ತದೆ, ಗಾಳಿ ಏರಿಳಿಯುತ್ತದೆ, ಆಕ್ಸಿಯಲ್ ಫ್ಯಾನ್ ತಡೆ ಹೆಚ್ಚಾದಷ್ಟೂ ಹೆಚ್ಚು ಕರೆಂಟ್ ಎಳೆಯುವುದರಿಂದ ಮೋಟಾರೂ ಬಿಸಿಯಾಗುತ್ತದೆ.

ಆಮೇಲೆ 355 ಮಿಮೀ ಇಂಪೆಲ್ಲರಿನ, ರೆಕ್ಕೆ ಹಿಂದಕ್ಕೆ ಬಾಗಿದ ಸೆಂಟ್ರಿಫ್ಯೂಗಲ್ ಬ್ಲೋವರ್, 1,440 ಆರ್‌ಪಿಎಂ. ಅದರ ಸ್ಟ್ಯಾಟಿಕ್ ಪ್ರೆಷರ್ 1,500 ಘನಮೀಟರಿನಲ್ಲಿ 300, 2,000ದಲ್ಲಿ 235, 2,500ರಲ್ಲಿ 150 ಪಾಸ್ಕಲ್. ಎರಡು ಗೆರೆ 2,130 ಘನಮೀಟರ್, 215 ಪಾಸ್ಕಲಿನಲ್ಲಿ ಕೂಡುತ್ತವೆ. ಬೇಕಾದ್ದಕ್ಕಿಂತ ಆರು ಪರ್ಸೆಂಟ್ ಹೆಚ್ಚು, ಕರ್ವಿನ ಇಳಿಜಾರು ಭಾಗದಲ್ಲಿ, ಶೃಂಗದಿಂದ ಸಾಕಷ್ಟು ಬಲಕ್ಕೆ. ಇಂಥ ಕಡಿದಾದ ಇಳಿಜಾರಿನಲ್ಲಿ ನನ್ನ ತಡೆಯ ಲೆಕ್ಕ ಇಪ್ಪತ್ತು ಪಾಸ್ಕಲ್ ತಪ್ಪಿದರೂ ಗಾಳಿ ಹೆಚ್ಚು ಬದಲಾಗದು. ಆಯ್ಕೆಗೆ ಇದೇ ಮುಖ್ಯ ಕಾರಣ. ಶಾಫ್ಟಿಗೆ ಮುನ್ನೂರು ವ್ಯಾಟಿನೊಳಗೆ ಸಾಕಾಗುವುದರಿಂದ ಅರ್ಧ ಎಚ್‌ಪಿ ಮೋಟಾರ್ ಹೊಂದುತ್ತದೆ.

ಮುಂದಕ್ಕೆ ಬಾಗಿದ ರೆಕ್ಕೆಯ ಬ್ಲೋವರ್ ಇದಕ್ಕಿಂತ ಚಿಕ್ಕದಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ನಾನು ಬಿಟ್ಟೆ. ಅದರ ಒತ್ತೊತ್ತಾದ ರೆಕ್ಕೆಗಳಲ್ಲಿ ಹೊಗೆಯ ಪುಡಿ ಕೂರುತ್ತದೆ. ಜೊತೆಗೆ ತಡೆ ಲೆಕ್ಕಕ್ಕಿಂತ ಕಡಿಮೆಯಾದರೆ, ಉದಾಹರಣೆಗೆ ಹುಡ್ ಬಿಚ್ಚಿಟ್ಟು ಓಡಿಸಿದರೆ, ಗಾಳಿ ಹೆಚ್ಚಿ ಮೋಟಾರಿನ ಮೇಲಿನ ಹೊರೆ ಏರುತ್ತಲೇ ಹೋಗುತ್ತದೆ. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಹೊರೆ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ.

ಕ್ಯಾಟಲಾಗ್ ಓದುವಾಗ ಎರಡು ಎಚ್ಚರ. ಕರ್ವಿನಲ್ಲಿ ಬರೆದಿರುವುದು ಟೋಟಲ್ ಪ್ರೆಷರೋ ಸ್ಟ್ಯಾಟಿಕ್ ಪ್ರೆಷರೋ ನೋಡಿಕೊಳ್ಳಬೇಕು. ಹೊರಬೀಳುವ ಗಾಳಿಯ ವೇಗದ ಒತ್ತಡ ಟೋಟಲಿನಲ್ಲಿ ಸೇರಿರುತ್ತದೆ, ಸ್ಟ್ಯಾಟಿಕ್‌ನಲ್ಲಿ ಇರುವುದಿಲ್ಲ. ತುದಿಯಿಂದ ಹೊರಬೀಳುವ ಗಾಳಿಯ 75 ಪಾಸ್ಕಲನ್ನು ನನ್ನ ಪಟ್ಟಿ ಸೇರಿಸಿಲ್ಲ, ಆದ್ದರಿಂದ ಅದನ್ನು ಸ್ಟ್ಯಾಟಿಕ್ ಕರ್ವಿನ ಜೊತೆ ಮಾತ್ರ ಹೋಲಿಸಬಹುದು. ಟೋಟಲ್ ಕರ್ವಿನ ಮೇಲೆ ಇಟ್ಟರೆ ಚಿಕ್ಕ ಫ್ಯಾನೇ ಸಾಕೆಂದು ಕಾಣಿಸುತ್ತದೆ. ಎರಡನೆಯದು ಬೆಂಗಳೂರಿಗೆ ಸಂಬಂಧಿಸಿದ್ದು. ಕ್ಯಾಟಲಾಗಿನ ಗಾಳಿ ಘನಮೀಟರಿಗೆ 1.2 ಕೆಜಿ ಎಂದು ಹಿಡಿದದ್ದು, ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಅದು 1.06ರ ಹತ್ತಿರ. ಹಾಗಂತ ಲೆಕ್ಕ ತಿದ್ದಬೇಕಿಲ್ಲ. ತಡೆ, ಫ್ಯಾನಿನ ಒತ್ತಡ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ಗಾಳಿಯ ಪ್ರಮಾಣ ಅಷ್ಟೇ ಉಳಿಯುತ್ತದೆ. ಎರಡನ್ನೂ 1.2ರಲ್ಲೇ ಹೋಲಿಸಿದರಾಯಿತು. ಒಂದನ್ನು ಮಾತ್ರ ತಿದ್ದಿದರೆ ತಪ್ಪಾಗುತ್ತದೆ.

ಕೂರಿಸುವಾಗ ಬ್ಲೋವರಿನ ಬಾಯಿಗೆ ಅಂಟಿಕೊಂಡಂತೆ ಬೆಂಡ್ ಕೊಡಬಾರದು. ಗಾಳಿ ಇಂಪೆಲ್ಲರಿಗೆ ಒಂದೇ ಕಡೆಯಿಂದ ನುಗ್ಗಿ ಕರ್ವ್ ಕೆಳಕ್ಕೆ ಬೀಳುತ್ತದೆ, ಅದು ಯಾವ ತಡೆಯ ಪಟ್ಟಿಯಲ್ಲೂ ಕಾಣುವುದಿಲ್ಲ. ವ್ಯಾಸದ ಮೂರರಿಂದ ಐದು ಪಟ್ಟು ನೇರ ಡಕ್ಟು ಬಿಟ್ಟರೆ ಒಳ್ಳೆಯದು. ತ್ರೀ ಫೇಸ್ ವೈರ್ ಅದಲುಬದಲಾಗಿ ಉಲ್ಟಾ ತಿರುಗಿದರೂ ಸೆಂಟ್ರಿಫ್ಯೂಗಲ್ ಬ್ಲೋವರ್ ಗಾಳಿಯನ್ನು ಸರಿಯಾದ ದಿಕ್ಕಿಗೇ ತಳ್ಳುತ್ತದೆ, ತೀರಾ ಕಡಿಮೆ ಮಾತ್ರ. ಕೈಯಿಟ್ಟು ನೋಡಿ ಸರಿಯಿದೆ ಎನ್ನಬಾರದು, ಕೇಸಿಂಗಿನ ಮೇಲಿನ ಬಾಣವನ್ನೂ ಶಾಫ್ಟನ್ನೂ ನೋಡಬೇಕು. ಶೆಡ್ಡಿಗೆ ಗಾಳಿ ಒಳಬರುವ ದಾರಿಯೂ ಬೇಕು. ಶಟರ್ ಎಳೆದು ಕೆಲಸ ಮಾಡುವ ದಿನಗಳಿಗೆಂದು ಎದುರು ಗೋಡೆಯಲ್ಲಿ 0.3 ಚದರ ಮೀಟರ್ ಲೂವರ್ ಇಡಿಸಿದೆ.

ಕೊನೆಗೆ ಅಳತೆ. ಹುಡ್ಡಿನ ಕುತ್ತಿಗೆ ದಾಟಿ ಸುಮಾರು 750 ಮಿಮೀ ದೂರದಲ್ಲಿ ಡಕ್ಟಿಗೆ 2 ಮಿಮೀ ತೂತು ಕೊರೆದು, ಒಳಗಿನ ಜಿಬ್ಬು ಉಜ್ಜಿ ತೆಗೆದು, ಅಲ್ಲಿಗೆ ಟ್ಯೂಬ್ ಹಿಡಿದು ನೀರಿನ ಮ್ಯಾನೋಮೀಟರಿಗೆ ಜೋಡಿಸಿದೆ. ಲೆಕ್ಕದ ಗಾಳಿ ಬಂದಿದ್ದರೆ ಅಲ್ಲಿ ವೇಗದ ಒತ್ತಡದ 1.25 ಪಟ್ಟು ಸೆಳೆತ ಇರಬೇಕು. ಬೆಂಗಳೂರಿನ ಗಾಳಿಗೆ ಅದು 83 ಪಾಸ್ಕಲ್, 8.5 ಮಿಮೀ ನೀರು. ನೇರ ಟ್ಯೂಬಿನಲ್ಲಿ ಅಷ್ಟು ಚಿಕ್ಕದನ್ನು ಓದುವುದು ಕಷ್ಟ. ಅಗಲ ಬಾಟಲಿಗೆ ಜೋಡಿಸಿದ ಟ್ಯೂಬನ್ನು ಐದಕ್ಕೆ ಒಂದರ ಓರೆಯಲ್ಲಿ ಹಲಗೆಗೆ ಬಿಗಿದರೆ ನೀರು 42 ಮಿಮೀ ಸರಿಯುತ್ತದೆ, ಸ್ಕೇಲಿಟ್ಟು ಓದಬಹುದು.

ಬ್ಲೋವರಿನ ಬಾಯಿಯ ಹತ್ತಿರವೂ ಅಂಥದ್ದೇ ಒಂದು ತೂತು ಇಟ್ಟುಕೊಂಡರೆ ಮುಂದೆ ತೊಂದರೆ ಎಲ್ಲಿದೆ ಎಂದು ಎರಡು ಓದಿನಲ್ಲಿ ಗೊತ್ತಾಗುತ್ತದೆ. ಹುಡ್ಡಿನಲ್ಲಿ ಸೆಳೆತ ಇಳಿದು ಬ್ಲೋವರಿನ ಬಳಿ ಏರಿದ್ದರೆ ನಡುವೆ ಡಕ್ಟು ಕಟ್ಟಿಕೊಂಡಿದೆ. ಎರಡೂ ಕಡೆ ಇಳಿದಿದ್ದರೆ ಬ್ಲೋವರನ್ನೋ ಅದರಾಚೆಯ ಡಕ್ಟು, ಟೋಪಿಯನ್ನೋ ನೋಡಬೇಕು. ಹುಡ್ಡಿನ ಓದು 8.5ರಿಂದ 6 ಮಿಮೀಗೆ ಬಂದರೆ ಗಾಳಿ ಆರರಲ್ಲಿ ಒಂದು ಪಾಲು ಕಡಿಮೆಯಾಗಿದೆ, ಡಕ್ಟಿನ ಕ್ಲೀನಿಂಗ್ ಬಾಗಿಲು ತೆರೆದು ನೋಡುವ ಹೊತ್ತು ಅದು.