ಹೊಸಬರ ವೆಲ್ಕಮ್ ವಿಡಿಯೋ: ಮೂರನೇ ಸ್ಕ್ರಿಪ್ಟು ಕೊನೆಗೂ ಕೆಲಸ ಮಾಡ್ತು

ನಮ್ದು ಪೀಣ್ಯದಲ್ಲಿರೋ ಒಂದು ಮಷೀನ್ ಶಾಪ್, ಸುಮಾರು 180 ಜನ, ತಿಂಗಳಿಗೆ ಎಂಟು ಹತ್ತು ಜನ ಹೊಸಬರು ಸೇರ್ತಾರೆ. ಅದ್ರಲ್ಲಿ ಇಬ್ರು ಮೂವರು ಮೊದಲ್ನೇ ವಾರದಲ್ಲೇ ಹೇಳ್ದೆ ಕೇಳ್ದೆ ಹೋಗ್ಬಿಡೋರು, ಎಚ್ಆರಲ್ಲಿ ಇರೋರಿಗೆ ಈ ನೋವು ಹೇಳ್ಬೇಕಾಗಿಲ್ಲ. ವಿಡಿಯೋ ಮಾಡೋಣ ಅಂದಾಗ ನಮ್ಮ ಪ್ಲಾಂಟ್ ಹೆಡ್ ನಕ್ಕು, "ಮೇಡಂ, ಹುಡುಗ್ರು ರೀಲ್ಸ್ ನೋಡ್ತಾರೆ, ನಿಮ್ ವಿಡಿಯೋ ಯಾರ್ ನೋಡ್ತಾರೆ" ಅಂದ್ರು. ಈಗ ಅವ್ರೇ ಕಸ್ಟಮರ್ ವಿಸಿಟ್ ಬಂದಾಗ ನಮ್ ಕ್ಲಿಪ್ ತೋರಿಸ್ತಾರೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲ್ನೇ ಸಲ ಮಾಡಿದ ದುಂದು ಹೇಳ್ತೀನಿ. ಒಂದು ಏಜೆನ್ಸಿಗೆ ಕೊಟ್ವಿ, ಒಂದು ಲಕ್ಷದ ಮೇಲೆ ಹೇಳಿದ್ರು, ಜಗ್ಗಾಡಿ 85 ಸಾವಿರಕ್ಕೆ ಇಳಿಸ್ದೆ. ಡ್ರೋನ್ ಶಾಟ್ ಇತ್ತು, ಎಂಡಿ ಭಾಷಣ ಇತ್ತು, ಆರು ಡಿಪಾರ್ಟ್‌ಮೆಂಟ್ ಹೆಡ್‌ಗಳು ಒಬ್ಬೊಬ್ರಾಗಿ ಬಂದು "ನಾನು ಇಂಥವ್ನು, ನಮ್ಮ ಟೀಮ್ ಇಂಥದ್ದು" ಅಂತ ಹೇಳೋದಿತ್ತು. ಒಟ್ಟು 22 ನಿಮಿಷ. ಟ್ರೈನಿಂಗ್ ರೂಮಲ್ಲಿ ಹಾಕಿದ್ರೆ ಎಂಟನೇ ನಿಮಿಷಕ್ಕೆ ಅರ್ಧ ಜನ ತೂಕಡಿಕೆ. ಎರಡು ತಿಂಗಳಿಗೆ ಮೆಂಟೆನೆನ್ಸ್ ಹೆಡ್ ಕೆಲಸ ಬಿಟ್ರು, ಇನ್ನೆರಡು ತಿಂಗಳಿಗೆ ಸ್ಟೋರ್ಸ್‌ನವ್ರು. ಹೋದೋರ ಮುಖ ಇಟ್ಕೊಂಡು "ಏನಿದ್ರೂ ನನ್ನನ್ನ ಕೇಳಿ" ಅಂತ ವಿಡಿಯೋ ಹೇಳ್ತಾ ಇದ್ರೆ ಹೊಸಬ್ರು ಯಾರನ್ನ ಕೇಳ್ಬೇಕು? ಏಜೆನ್ಸಿಯೋರು ಒಂದೊಂದು ತಿದ್ದುಪಡಿಗೆ 6 ಸಾವಿರ ಕೇಳಿದ್ರು. ಅಲ್ಲಿಗೆ ಆ 85 ಸಾವಿರ ಹೊಳೇಲಿ ಹುಣಸೆಹಣ್ಣು.

ಎರಡನೇ ಸಲ ಹೆಡ್ ಆಫೀಸಿಂದ ಬಂದ ಇಂಗ್ಲಿಷ್ ಸ್ಕ್ರಿಪ್ಟ್ ಇಟ್ಕೊಂಡು ಕನ್ನಡ ಮಾಡ್ಸಿದೆ. "ತಮಗೆ ಸಂಸ್ಥೆಯ ಪರವಾಗಿ ಹಾರ್ದಿಕ ಸುಸ್ವಾಗತ" ಅಂತ ಶುರು, ಒಳ್ಳೇ ಆರತಕ್ಷತೆ ಮೈಕ್ ಥರ. ಅದ್ರಲ್ಲಿ ಒಂದು ಸಾಲು, "ಮೊದಲ ದಿನವೇ ನಿಮ್ಮ ಟೂಲ್ಸ್ ನಿಮಗೆ ಸಿಗುತ್ತವೆ". ಹೆಡ್ ಆಫೀಸ್ ಪ್ರಕಾರ ಟೂಲ್ಸ್ ಅಂದ್ರೆ ಇಮೇಲು, ಲೀವ್ ಆ್ಯಪು. ಮಷೀನ್ ಶಾಪಲ್ಲಿ ಟೂಲ್ಸ್ ಅಂದ್ರೆ ಇನ್ಸರ್ಟು, ಡ್ರಿಲ್ಲು, ಬೋರಿಂಗ್ ಬಾರು! ಕೊಪ್ಪಳ ಕಡೆ ಹುಡುಗ ಒಬ್ಬ ಮಧ್ಯಾಹ್ನ ಟೂಲ್ ಕ್ರಿಬ್ ಅಂತಾರಲ್ಲ, ಟೂಲ್ ಕೊಡೋ ಜಾಗ, ಅದ್ರ ಮುಂದೆ ಹೋಗಿ "ನಂದು ಟೂಲ್ಸ್ ಕೊಡ್ರಿ, ವಿಡಿಯೋದಾಗ ಹೇಳ್ಯಾರ" ಅಂತ ನಿಂತಿದ್ದ, ಕ್ರಿಬ್‌ನವ್ನು ಬೈದು ಕಳ್ಸಿದ್ದ. ಪಾಪ ಅವ್ನು ಎರಡು ದಿನ ಯಾರ ಹತ್ರಾನೂ ಏನೂ ಕೇಳ್ಲಿಲ್ಲ. ಆವತ್ತೇ ಆ ಸ್ಕ್ರಿಪ್ಟ್ ಹರಿದು ಹಾಕ್ದೆ.

ಮೂರನೇ ಸಲ ಏನೂ ಬರೀಲಿಲ್ಲ, ಬರೀ ಕೇಳಿಸ್ಕೊಂಡೆ. ಒಂದೂವರೆ ತಿಂಗಳು ನನ್ನ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಟ್ಟು, ಹೊಸಬ್ರು ಕೇಳಿದ ಪ್ರತಿ ಪ್ರಶ್ನೆ, ಯಾವ ದಿನ ಕೇಳಿದ್ರು ಅನ್ನೋದು ಬರ್ಕೊಂಡೆ. ಗೇಟ್ ಸೆಕ್ಯುರಿಟಿಗೂ ಒಂದು ನೋಟ್‌ಬುಕ್ ಕೊಟ್ಟೆ, ನಂಗಿಂತ ಜಾಸ್ತಿ ಪ್ರಶ್ನೆ ಅವ್ರಿಗೇ ಬರೋದು. 200ರ ಹತ್ರ ಪ್ರಶ್ನೆ ಆಯ್ತು, ಒಂದೇ ಥರದ್ದು ಸೇರಿಸಿದ್ರೆ 30 ಉಳೀತು. ಮಜಾ ಏನಂದ್ರೆ ಕಂಪನಿ ಯಾವಾಗ ಶುರುವಾಯ್ತು, ವಿಷನ್ ಏನು ಅಂತ ಒಬ್ರೂ ಕೇಳಿಲ್ಲ. ಸೋಮವಾರ ಎಲ್ಲಾ ಚಪ್ಪಲಿ, ಊಟ, ಬೈಕ್ ಎಲ್ಲಿ ನಿಲ್ಸೋದು. ಮಂಗಳವಾರ ಬುಧವಾರ ಸಂಬಳ. ಗುರುವಾರದ ಮೇಲೆ "ಲೈನ್ ಲೀಡರ್ ಒಂದ್ ಹೇಳ್ತಾರೆ, ಸೂಪರ್‌ವೈಸರ್ ಇನ್ನೊಂದ್ ಹೇಳ್ತಾರೆ, ಯಾರ ಮಾತು ಕೇಳ್ಲಿ". ಅಂದ್ರೆ ಪ್ರಶ್ನೆಗೂ ದಿನ ಇದೆ. ಸೋಮವಾರವೇ ಎಲ್ಲಾ ತುಂಬಿದ್ರೆ ಗುರುವಾರಕ್ಕೆ ಏನೂ ನೆನಪಿರಲ್ಲ. ಅದಕ್ಕೇ ಒಂದೇ ವಿಡಿಯೋ ಬೇಡ ಅಂತ ದಿನಕ್ಕೊಂದರ ಹಾಗೆ ಆರು ತುಂಡು ಮಾಡ್ದೆ, ಒಂದೊಂದು ಒಂದೂವರೆ ನಿಮಿಷದೊಳಗೆ, ಹಿಂದಿನ ದಿನ ಸಾಯಂಕಾಲ ವಾಟ್ಸಾಪಲ್ಲಿ ಹೋಗತ್ತೆ.

ಟೈಮಿಂಗ್ ಬಗ್ಗೆ ಒಂದು ಮಾತು. ಇಂಗ್ಲಿಷಲ್ಲಿ ನಿಮಿಷಕ್ಕೆ 140-150 ಪದ ಅಂತ ಲೆಕ್ಕ ಹಾಕ್ತಾರಲ್ಲ, ಅದನ್ನ ಕನ್ನಡಕ್ಕೆ ಹಾಕಿದ್ರೆ ಕೆಟ್ರಿ. "ತೆಗೆದುಕೊಂಡುಹೋಗಬೇಕಾಗುತ್ತದೆ" ಕೂಡ ಒಂದೇ ಪದ ಅಲ್ವಾ. ಸ್ಟಾಪ್‌ವಾಚ್ ಇಟ್ಟು ನಾನೇ ಓದಿ ನೋಡ್ದೆ, ಹೊಸಬ್ರಿಗೆ ಅರ್ಥ ಆಗೋ ವೇಗಕ್ಕೆ ನಿಮಿಷಕ್ಕೆ 90 ಪದ ಸಾಕು, ಆಡುಮಾತಾದ್ರೆ 100. ಒಂದು ಕ್ಲಿಪ್‌ಗೆ 130 ಪದ ದಾಟಿದ್ರೆ ಕತ್ತರಿ.

ಸಂಬಳದ ಕ್ಲಿಪ್ ಪೂರ್ತಿ ಹೇಳ್ತೀನಿ, ಯಾಕಂದ್ರೆ ಜನ ಬಿಟ್ಟು ಹೋಗ್ತಿದ್ದಿದ್ದು ಅಲ್ಲೇ. ನಮ್ಮ ಅಟೆಂಡೆನ್ಸ್ ಲೆಕ್ಕ ಈ ತಿಂಗಳ 21ರಿಂದ ಮುಂದಿನ ತಿಂಗಳ 20ರವರೆಗೆ, ಸಂಬಳ 7ನೇ ತಾರೀಖು. 18ಕ್ಕೆ ಸೇರಿದೋನಿಗೆ ಮೊದಲ್ನೇ ಸಂಬಳ ಮೂರೇ ದಿನದ್ದು. ತಿಂಗಳಿಗೆ 18,000 ಅಂದ್ಕೊಂಡೋನ ಅಕೌಂಟಿಗೆ ಸಾವಿರದ ಆರುನೂರು ಚಿಲ್ಲರೆ ಬಿದ್ರೆ ಅವ್ನು ಕಂಪನಿನೇ ಮೋಸ ಅಂದ್ಕೋತಾನೆ. ಹಳೇ ಸ್ಕ್ರಿಪ್ಟಲ್ಲಿ "ವೇತನವನ್ನು ಹಾಜರಾತಿ ಆವರ್ತದ ಅನುಸಾರ ಪಾವತಿಸಲಾಗುವುದು" ಅಂತಿತ್ತು. ಹೊಸದು ಹೀಗಿದೆ:

ನೋಡೋದು: ಗೋಡೆ ಕ್ಯಾಲೆಂಡರ್, 18, 19, 20ಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕೋ ಕೈ.
ಕೇಳೋದು: "ನೀವು 18ಕ್ಕೆ ಸೇರಿದ್ರಿ ಅಂದ್ಕೊಳ್ಳಿ. 7ಕ್ಕೆ ಬರೋದು ಈ ಮೂರು ದಿನದ ದುಡ್ಡು ಅಷ್ಟೇ. 21ರಿಂದ ಮಾಡಿದ ಕೆಲಸದ್ದು ಎಲ್ಲೂ ಹೋಗಿಲ್ಲ, ಮುಂದಿನ 7ಕ್ಕೆ ಬರತ್ತೆ. ಮನೇಲೂ ಈಗ್ಲೇ ಹೇಳಿಡಿ."

"ಮನೇಲೂ ಹೇಳಿಡಿ" ಅನ್ನೋದನ್ನ ನಮ್ಮ ಅಕೌಂಟ್ಸ್‌ನವ್ರು ತೆಗೀರಿ ಅಂದ್ರು, ನಾನು ಬಿಡ್ಲಿಲ್ಲ. ಊರಿಗೆ ದುಡ್ಡು ಕಳಿಸ್ಬೇಕಾದ ಹುಡುಗ್ರಿಗೆ ಆ ಸಾಲೇ ಮುಖ್ಯ. ಆಮೇಲೆ ಪಿಎಫ್ ಶೇಕಡ 12, ಇಎಸ್ಐ ಶೇಕಡ 0.75 ಕಟ್ ಆಗತ್ತೆ ಅಂತ ಒಂದೊಂದು ಸಾಲು. ಪರ್ಸೆಂಟ್ ಹೇಳಿದ್ರೆ ಯಾರಿಗೂ ಹತ್ತಲ್ಲ, "ಸಾವಿರ ರೂಪಾಯಿಗೆ ಏಳೂವರೆ ರೂಪಾಯಿ ಇಎಸ್ಐ, ಅದಕ್ಕೆ ಮನೆಯೋರಿಗೂ ಆಸ್ಪತ್ರೆ" ಅಂದ್ಮೇಲೆ ಕಟಿಂಗ್ ಯಾಕೆ ಅನ್ನೋ ಜಗಳ ನಿಂತೇಹೋಯ್ತು ಅನ್ಬೋದು.

ಟೀಮ್‌ಗಳ ಕ್ಲಿಪ್ಪಲ್ಲಿ ಚಾರ್ಟ್ ಇಲ್ಲ, ಹೆಡ್‌ಗಳ ಮುಖ ಇಲ್ಲ, ಹೆಸರೂ ಇಲ್ಲ. ಒಂದು ಪಂಪ್ ಶಾಫ್ಟ್ ಹಿಂದೆ ಕ್ಯಾಮರಾ ಹೋಗತ್ತೆ ಅಷ್ಟೇ. ಸ್ಟೋರ್ಸಲ್ಲಿ ರಾಡು, ಆಮೇಲೆ ಕಟಿಂಗು, ಟರ್ನಿಂಗು, ಗ್ರೈಂಡಿಂಗು, ಇನ್ಸ್‌ಪೆಕ್ಷನ್ನು, ಕೊನೆಗೆ ಡಿಸ್ಪ್ಯಾಚಲ್ಲಿ ಪೆಟ್ಟಿಗೆ. ಪ್ರತಿ ಜಾಗದಲ್ಲೂ ಒಂದೇ ವಿಷಯ, ನಿಮಗೆ ಇವ್ರು ಯಾವಾಗ ಬೇಕಾಗ್ತಾರೆ. "ಅಳತೆ ಆಚೀಚೆ ಆಯ್ತಾ, ಮಷೀನ್ ನಿಲ್ಸಿ, ಹಸಿರು ಶರ್ಟಿನವ್ರನ್ನ ಕರೀರಿ. ಪೀಸನ್ನ ಬಿನ್ ಅಡಿಗೆ ತುರುಕಬೇಡಿ, ಕೆಂಪು ಬಿನ್ ಇರೋದೇ ಅದಕ್ಕೆ." ಜನ ಬದಲಾದ್ರೂ ಶರ್ಟ್ ಬಣ್ಣ ಬದಲಾಗಲ್ಲ ನೋಡಿ. ಲೈನ್ ಲೀಡರ್, ಸೂಪರ್‌ವೈಸರ್ ಗೊಂದಲಕ್ಕೂ ಇದ್ರಲ್ಲೇ ಉತ್ತರ: ಮಷೀನ್ ವಿಷಯ ಲೀಡರ್‌ಗೆ, ರಜೆ ವಿಷಯ ಸೂಪರ್‌ವೈಸರ್‌ಗೆ. ಇದನ್ನ ಬರೆಯೋಕೆ ಮುಂಚೆ ಅವ್ರಿಬ್ರನ್ನೂ ಕೂರಿಸಿ ಒಪ್ಪಿಸ್ಬೇಕಾಯ್ತು, ನಿಜ ಹೇಳ್ಬೇಕಂದ್ರೆ ಅವ್ರಿಗೇ ಗೊತ್ತಿರ್ಲಿಲ್ಲ. ಆ ಮೀಟಿಂಗಿಗೆ ಎರಡು ವಾರ ಹೋಯ್ತು, ಶೂಟಿಂಗಿಗೆ ಒಂದೂವರೆ ದಿನ. ಲೈಂಗಿಕ ಕಿರುಕುಳ ದೂರು ಸಮಿತಿಗೂ ಇದೇ ದಾರಿ, ಹೆಸರು ಹೇಳ್ದೆ ಕ್ಯಾಂಟೀನ್ ಪಕ್ಕದ ಬೋರ್ಡ್ ತೋರಿಸ್ತೀವಿ. ಮೆಂಬರ್ ಬದಲಾದ್ರೆ ಬೋರ್ಡ್ ಬದಲಾಗತ್ತೆ, ವಿಡಿಯೋ ಅಲ್ಲ.

ಆ್ಯಪ್‌ಗಳ ಕ್ಲಿಪ್ಪೇ ಬೇಗ ಹಳಸೋದು. ಪಂಚ್, ರಜೆ, ಪೇ ಸ್ಲಿಪ್, ಗೇಟ್ ಪಾಸ್, ಈ ನಾಲ್ಕು ಬಿಟ್ರೆ ಮೊದಲ ವಾರಕ್ಕೆ ಬೇರೆ ಬೇಡ. ಫೋನ್ ಸ್ಕ್ರೀನ್ ತೋರ್ಸೋದು ಇದೊಂದರಲ್ಲೇ, ಬೇರೆ ಐದರಲ್ಲಿ ಎಲ್ಲೂ ಇಲ್ಲ, ಹಾಗಾಗಿ ಬಟನ್ ಜಾಗ ಬದಲಾದ್ರೆ ಒಂದೇ ತುಂಡು ಮತ್ತೆ ಮಾಡ್ತೀವಿ. 2025ರ ಆಗಸ್ಟಲ್ಲಿ ಪಿಎಫ್‌ಗೆ ಬೇಕಾದ ಯುಎಎನ್ ನಂಬರ್ ಮಾಡೋದು ಉಮಂಗ್ ಆ್ಯಪಲ್ಲಿ ಮುಖ ತೋರ್ಸಿ ಅಂತ ಬಂತಲ್ಲ, ಆಗ ಇದು ಕೈ ಹಿಡೀತು, ಒಂದೇ ಸಾಯಂಕಾಲಕ್ಕೆ ಸರಿ ಮಾಡಿದ್ವಿ. ಹಳೇ ಏಜೆನ್ಸಿಗೆ ಹೋಗಿದ್ರೆ ಮತ್ತೆ 6 ಸಾವಿರ.

ಧ್ವನಿ ವಿಷಯದಲ್ಲಿ ಚೆನ್ನಾಗಿ ಏಟು ತಿಂದೆ. ಶಾಪ್ ಫ್ಲೋರಲ್ಲಿ ರೆಕಾರ್ಡ್ ಮಾಡಿದ್ದು ಒಂದಕ್ಷರ ಕೇಳ್ಲಿಲ್ಲ, ಕಂಪ್ರೆಸರ್ ಸೌಂಡೇ ಎಲ್ಲಾ. ಟ್ರೈನಿಂಗ್ ರೂಮಲ್ಲಿ ಗುಂಯ್ ಅನ್ನತ್ತೆ. ಕೊನೆಗೆ ಹಳೇ ಫೈಲ್ ತುಂಬಿರೋ ರೆಕಾರ್ಡ್ ರೂಮಲ್ಲಿ ಫ್ಯಾನ್ ಆಫ್ ಮಾಡಿ ಮಾತಾಡ್ಸಿದ್ವಿ, ಕಾಗದ ಎಲ್ಲಾ ಸೌಂಡ್ ಹೀರ್ಕೊಳತ್ತೆ, ಸ್ಟುಡಿಯೋ ಥರ ಬಂತು. ಮಾತಾಡಿದ್ದು ನಾನಲ್ಲ, ಡಿಸ್ಪ್ಯಾಚಲ್ಲಿರೋ ತಿಪಟೂರಿನ ಹೆಣ್ಮಗಳು, ಅವಳ ದನಿ ಮನೆ ಅಕ್ಕನ ಥರ ಇದೆ. ಒಟ್ಟು ಖರ್ಚು: ಕಾಲರ್ ಮೈಕ್ ಎರಡೂವರೆ ಸಾವಿರ, ಟ್ರೈಪಾಡ್ ಒಂಬೈನೂರೋ ಏನೋ, ಎಡಿಟಿಂಗ್ ಹುಡುಗಂಗೆ 8 ಸಾವಿರ, ಎರಡು ದಿನ ಎಲ್ರಿಗೂ ಬಿರಿಯಾನಿ. 14 ಸಾವಿರ ದಾಟಿಲ್ಲ.

ಕಂಡಕಂಡಿದ್ದಕ್ಕೆಲ್ಲಾ ಕೈ ಹಾಕಿದ್ದೂ ಉಂಟು. ಒಂದು ಸಲ ತೊಗಲುಬೊಂಬೆ ಥರ ಕಾಮಿಡಿ ಮಾಡ್ಸಿದೆ, ಎಲ್ರೂ ನಕ್ರು, ಆಮೇಲೆ ಏನು ಹೇಳ್ತು ಅಂತ ಕೇಳಿದ್ರೆ ಯಾರಿಗೂ ನೆನಪಿಲ್ಲ. ಒಡಿಯಾ ಹುಡುಗ್ರಿಗೆ ಅಂತ ಅವ್ರಲ್ಲೇ ಒಬ್ನ ಕೈಲಿ ಓದಿಸ್ದೆ, ಅದು ಮಾತ್ರ ಸೂಪರ್ ಹಿಟ್. ಆದ್ರೆ ಕನ್ನಡಕ್ಕಿಂತ ಉದ್ದ ಆಗಿ ಚಿತ್ರ ಮುಗಿದ್ರೂ ಮಾತು ಮುಗೀದೆ, ಕೊನೇಲಿ ಒಂದಷ್ಟು ಹೊತ್ತು ಗೇಟಿನ ನಾಯಿ ತೋರಿಸ್ಬೇಕಾಯ್ತು. ಈಗ ಆ ನಾಯಿ ಫೇಮಸ್ಸು.

ಕಳಿಸೋದ್ರಲ್ಲೂ ಎಡವಿದೆ. ಮೊದಲ ಬ್ಯಾಚ್ 11 ಜನ, ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ ಕಳಿಸ್ದೆ, ನಾಲ್ಕೇ ಜನಕ್ಕೆ ಹೋಗಿತ್ತು. ನನ್ನ ನಂಬರ್ ಅವ್ರ ಫೋನಲ್ಲಿ ಸೇವ್ ಇಲ್ದಿದ್ರೆ ಬ್ರಾಡ್‌ಕಾಸ್ಟ್ ಮುಟ್ಟಲ್ಲ, ಇದು ಗೊತ್ತಾಗೋಕೆ ಒಂದು ವಾರ ಬೇಕಾಯ್ತು. ಈಗ ಫಾರ್ಮ್ ತುಂಬೋವಾಗ್ಲೇ ನನ್ನ ಮುಂದೆ ನಂಬರ್ ಸೇವ್ ಮಾಡ್ಸಿ, ಮಿಸ್ ಕಾಲ್ ಕೊಡ್ಸಿ ಆಮೇಲೇ ಐಡಿ ಕಾರ್ಡ್. ಮತ್ತೆ ಬಸ್ಸಲ್ಲಿ ಸೌಂಡ್ ಇಲ್ದೆ ನೋಡೋರೇ ಜಾಸ್ತಿ, ಹಂಗಾಗಿ ಕೆಳಗೆ ದಪ್ಪ ಅಕ್ಷರದಲ್ಲಿ ಸಬ್‌ಟೈಟಲ್, ಒಂದು ಸಲಕ್ಕೆ ಏಳು ಪದದ ಮೇಲಿಲ್ಲ.

ಹೊಸ ಕ್ಲಿಪ್ ಬಂದ್ರೆ ಮೊದ್ಲು ಆ ವಾರ ಸೇರಿದ ಒಬ್ರಿಗೆ ತೋರ್ಸಿ, ಫೋನ್ ಇಸ್ಕೊಂಡು, "ಈಗ ನಂಗೆ ನೀವು ಹೇಳಿ" ಅಂತೀನಿ. ಅವ್ರು ತಡವರಿಸಿದ ಜಾಗ ಸ್ಕ್ರಿಪ್ಟಲ್ಲಿ ತಪ್ಪಿರೋ ಜಾಗ. ಶನಿವಾರದ ಕ್ಲಿಪ್ಪಿನ ಕೊನೇ 15 ಸೆಕೆಂಡಲ್ಲಿ ಏನಿದೆ ಅಂತ ಬೇರೆ ಕಂಪನಿಯವ್ರು ತುಂಬಾ ಜನ ಕೇಳಿದ್ರು. ಅದನ್ನ ಹೇಳಲ್ಲ, ಅದು ನಮ್ಮನೆ ಸಾರಿನ ಪುಡಿ. ಹೋದ ಆರು ತಿಂಗಳಲ್ಲಿ ಮೊದಲ ವಾರದಲ್ಲೇ ಬಿಟ್ಟು ಹೋದೋರು ನೆನಪಿರೋ ಹಾಗೆ ಮೂರೋ ನಾಲ್ಕೋ ಜನ, ಅದ್ರಲ್ಲಿ ಒಬ್ನಿಗೆ ಕೆಎಸ್ಆರ್‌ಟಿಸಿ ಕೆಲಸ ಸಿಕ್ತು. ಪೂರ್ತಿ ವಿಡಿಯೋದಿಂದ್ಲೇ ಅಂತ ಹೇಳಲ್ಲ, ಅದೇ ಟೈಮಲ್ಲಿ ಕ್ಯಾಂಟೀನ್ ಗುತ್ತಿಗೆದಾರನೂ ಬದಲಾದ, ಚಿತ್ರಾನ್ನ ತಿನ್ನೋ ಹಾಗಾಯ್ತು. ಈಗ ಊಟದ ಕೂಪನ್ ಹೋಗಿ ಕಾರ್ಡ್ ಬಂದಿದೆ, ಸೋಮವಾರದ ಕ್ಲಿಪ್ ಮತ್ತೆ ಶೂಟ್ ಮಾಡ್ಬೇಕು, ತಿಪಟೂರಿನ ಹುಡುಗಿ ಮದುವೆ ರಜೆ ಹಾಕಿ ಕೂತಿದ್ದಾಳೆ.