ಬಾಡಿಗೆಯಿಂದ ಕಟ್ಟಡದ ಬೆಲೆ ಕಟ್ಟಿದ್ದು: ನನ್ನ ಅನುಭವ

ಮೈಸೂರಿನ ಒಂದು ಬಡಾವಣೆಯಲ್ಲಿ 30×40 ಸೈಟಿನ ಮೇಲಿರುವ ಮೂರು ಅಂತಸ್ತಿನ ಕಟ್ಟಡ. ಕೆಳಗೆ ಒಂದು ಮೆಡಿಕಲ್ ಶಾಪ್, ಒಂದು ಬೇಕರಿ. ಮೊದಲ ಮಹಡಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್. ಎರಡನೇ ಮಹಡಿ ಖಾಲಿ. ಕಟ್ಟಿ ಸುಮಾರು 20 ವರ್ಷ. ಬ್ರೋಕರ್ ಹೇಳಿದ ಬೆಲೆ 2 ಕೋಟಿ 40 ಲಕ್ಷ. "ತಿಂಗಳಿಗೆ ಒಂದು ಲಕ್ಷ ಬಾಡಿಗೆ ಸಾರ್. ವರ್ಷಕ್ಕೆ 12 ಲಕ್ಷ. ಕರೆಕ್ಟಾಗಿ 5 ಪರ್ಸೆಂಟ್ ಬಿತ್ತಲ್ವಾ?" ಅಂದರು.

ಊರಿನ ಜಮೀನಿನ ಪಾಲು ಮಾರಿದ ಹಣ ನನ್ನ ಮತ್ತು ತಮ್ಮನ ಕೈಯಲ್ಲಿತ್ತು. ಕಟ್ಟಡ ಇಬ್ಬರಿಗೂ ಇಷ್ಟವಾಯಿತು. ಆದರೆ ಆ ಒಂದು ಲಕ್ಷ ಎಲ್ಲಿಂದ ಬಂತು ಅಂತ ಮೊದಲು ನೋಡಬೇಕಿತ್ತು.

ಓನರ್ ಹತ್ತಿರ ಬಾಡಿಗೆ ಕರಾರುಗಳ ಜೊತೆಗೆ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕೇಳಿದೆ. ಕರಾರು ನೋಡಿದರೆ ಎಷ್ಟಕ್ಕೆ ಒಪ್ಪಿದ್ದರು ಅನ್ನುವುದು ಗೊತ್ತಾಗುತ್ತದೆ. ಎಷ್ಟು ಕೊಡುತ್ತಿದ್ದಾರೆ ಅನ್ನುವುದು ಸ್ಟೇಟ್‌ಮೆಂಟಿನಲ್ಲಿ ಮಾತ್ರ ಇರುತ್ತದೆ. ಮೆಡಿಕಲ್ ಶಾಪಿನ 24,000 ಎರಡರಲ್ಲೂ ಒಂದೇ ಇತ್ತು. ಬೇಕರಿಯ ಕರಾರಿನಲ್ಲಿ 22,000 ಅಂತಿತ್ತು, ಬ್ಯಾಂಕಿಗೆ ಬರುತ್ತಿದ್ದದ್ದು 19,000. ಕೊರೋನಾ ಕಾಲದಲ್ಲಿ ಕೊಟ್ಟ ರಿಯಾಯಿತಿ ಹಾಗೇ ಉಳಿದುಬಿಟ್ಟಿತ್ತು. ಲ್ಯಾಬಿನವರು 28,000 ಕೊಡುತ್ತಿದ್ದರು, ಆದರೆ ಅದರಲ್ಲಿ 2,000 ನೀರು ಮತ್ತು ಮೆಟ್ಟಿಲ ದೀಪದ ಖರ್ಚಿಗೆ. ಅದು ಬಂದ ಹಾಗೇ ಹೋಗುವ ದುಡ್ಡು. ಹಾಗಾಗಿ ಬಾಡಿಗೆ ಅಂತ 26,000 ಮಾತ್ರ ಹಿಡಿದೆ, ಆ ಖರ್ಚನ್ನೂ ಲೆಕ್ಕದಿಂದ ಬಿಟ್ಟೆ.

ಖಾಲಿ ಮಹಡಿಗೆ ಓನರ್ 26,000 ಸೇರಿಸಿಕೊಂಡಿದ್ದರು. ಲ್ಯಾಬಿಗೆ ಅಷ್ಟು ಸಿಗುವಾಗ ಮೇಲಿನದಕ್ಕೂ ಸಿಗಬೇಕು ಅನ್ನುವುದು ಅವರ ವಾದ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಹಾಗೆ ಆಗುವುದಿಲ್ಲ. ಅದೇ ರಸ್ತೆಯಲ್ಲಿ ಎರಡನೇ ಮಹಡಿ ಬಾಡಿಗೆಗೆ ಹಿಡಿದಿದ್ದ ಒಬ್ಬ ಆಡಿಟರ್ ಮತ್ತು ಒಂದು ಟ್ಯೂಷನ್ ಸೆಂಟರಿನವರನ್ನು ವಿಚಾರಿಸಿದೆ. ಇಬ್ಬರೂ ಚದರಡಿಗೆ 18 ರೂಪಾಯಿ ಆಸುಪಾಸು ಕೊಡುತ್ತಿದ್ದರು. ಇಲ್ಲಿರುವುದು 950 ಚದರಡಿ, ಅಂದರೆ ಸುಮಾರು 17,000.

ಎಲ್ಲ ಸೇರಿದರೆ ತಿಂಗಳಿಗೆ 86,000, ವರ್ಷಕ್ಕೆ 10.32 ಲಕ್ಷ. ಇದರಲ್ಲಿ ಒಂದು ತಿಂಗಳ ಬಾಡಿಗೆಯನ್ನು ಖಾಲಿ ಬೀಳುವುದಕ್ಕೆ ಅಂತ ಕಳೆದೆ. ಯಾವುದಾದರೂ ಒಂದು ಅಂಗಡಿ ಯಾವಾಗಲಾದರೂ ಖಾಲಿಯಾಗಿಯೇ ಆಗುತ್ತದೆ. ಆಸ್ತಿ ತೆರಿಗೆ, ವಿಮೆ, ಬಾಡಿಗೆ ವಸೂಲಿ ಮತ್ತು ಓಡಾಟಕ್ಕೆ ಒಟ್ಟು 76,000. ರಿಪೇರಿಗೆ 60,000. ರಿಪೇರಿ ಖರ್ಚು ಪ್ರತಿ ವರ್ಷ ಬರುವುದಿಲ್ಲ. ಆದರೆ ತಾರಸಿ ಸೋರಿದಾಗ, ಬಣ್ಣ ಹೊಡೆಸುವಾಗ ಒಟ್ಟಿಗೇ ಬರುತ್ತದೆ, ಅದಕ್ಕೇ ವರ್ಷಗಳಿಗೆ ಹಂಚಿ ಹಾಕಿದೆ. ಸಾಲದ ಇಎಂಐ ಇಲ್ಲಿ ಕಳೆಯಬಾರದು. ಸಾಲ ನಮ್ಮದು, ಕಟ್ಟಡದ್ದಲ್ಲ. ಇಷ್ಟೆಲ್ಲ ಹೋಗಿ ಕೈಯಲ್ಲಿ ಉಳಿಯುವ ನಿವ್ವಳ ಬಾಡಿಗೆ 8.10 ಲಕ್ಷ. ಬ್ರೋಕರ್ ಹೇಳಿದ 12 ಲಕ್ಷಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಈಗ ಕಟ್ಟಡದ ಬೆಲೆ ಸಿಗಬೇಕಾದರೆ ಈ 8.10 ಲಕ್ಷವನ್ನು ಎಷ್ಟು ಪರ್ಸೆಂಟಿನಿಂದ ಭಾಗಿಸಬೇಕು? ಎಲ್ಲರೂ ಎಡವುವುದು ಇಲ್ಲೇ. ಎಫ್‌ಡಿ ಬಡ್ಡಿ ಹಾಕಿ ಭಾಗಿಸುವವರಿದ್ದಾರೆ. ಎಫ್‌ಡಿ ಬಡ್ಡಿ ವರ್ಷ ವರ್ಷ ಏರುವುದಿಲ್ಲ, ಬಾಡಿಗೆ ಏರುತ್ತದೆ. ಹಾಗಾಗಿ ಆ ಹೋಲಿಕೆ ಸರಿಯಲ್ಲ. ಆಸುಪಾಸಿನಲ್ಲಿ ನಿಜವಾಗಿ ಮಾರಾಟವಾದ ಕಟ್ಟಡಗಳಲ್ಲಿ ಕೊಂಡವರಿಗೆ ಎಷ್ಟು ಪರ್ಸೆಂಟ್ ಸಿಕ್ಕಿದೆ ಅನ್ನುವುದೇ ಸರಿಯಾದ ದರ.

ನನಗೆ ಮೂರು ಸಿಕ್ಕವು. ಮೊದಲನೆಯದು ಒಂದೂವರೆ ಕೋಟಿಗೆ ಹೋಗಿತ್ತು. ನನ್ನ ಹಾಗೇ ಖರ್ಚು ಕಳೆದು ನೋಡಿದರೆ ಅದರ ನಿವ್ವಳ ಬಾಡಿಗೆ 7.8 ಲಕ್ಷ, ಅಂದರೆ 5.2 ಪರ್ಸೆಂಟ್. ಇನ್ನೊಂದು ಚಿಕ್ಕದು, 95 ಲಕ್ಷಕ್ಕೆ 5.3 ಲಕ್ಷ, ಹತ್ತಿರ ಹತ್ತಿರ 5.6 ಪರ್ಸೆಂಟ್. ಮೂರನೆಯದು ಮುಖ್ಯರಸ್ತೆಯ ಕಾರ್ನರ್ ಕಟ್ಟಡ, ಬಾಡಿಗೆಗೆ ಬ್ಯಾಂಕ್ ಶಾಖೆ ಇದೆ. ಅಲ್ಲಿ 4.5 ಪರ್ಸೆಂಟ್ ಮಾತ್ರ. ಬ್ಯಾಂಕು ತಿಂಗಳ ಬಾಡಿಗೆ ತಪ್ಪಿಸುವುದಿಲ್ಲ, ಬೇಗ ಬಿಟ್ಟೂ ಹೋಗುವುದಿಲ್ಲ, ಅದಕ್ಕೇ ಜನ ಕಡಿಮೆ ಪರ್ಸೆಂಟಿಗೂ ಒಪ್ಪುತ್ತಾರೆ. ನಮ್ಮ ಒಳರಸ್ತೆಯ ಬೇಕರಿಗೆ ಆ ದರ ಹೊಂದುವುದಿಲ್ಲ. ಅದನ್ನು ಪಕ್ಕಕ್ಕಿಟ್ಟೆ.

ಮಾರಾಟದ ಬೆಲೆ ತಿಳಿದುಕೊಳ್ಳುವಾಗ ಒಂದು ಎಚ್ಚರ ಬೇಕು. ಕ್ರಯಪತ್ರದಲ್ಲಿ ಬರೆದ ಬೆಲೆ ಕೆಲವೊಮ್ಮೆ ಸರ್ಕಾರದ ಮಾರ್ಗಸೂಚಿ ದರದ ಹತ್ತಿರವೇ ನಿಂತಿರುತ್ತದೆ. ಅದನ್ನೇ ನಂಬಿದರೆ ಪರ್ಸೆಂಟ್ ಸುಮ್ನೆ ಜಾಸ್ತಿ ಕಾಣುತ್ತದೆ, ನೀವು ಕಟ್ಟುವ ಬೆಲೆ ಕಡಿಮೆಯಾಗುತ್ತದೆ. ಮೊದಲ ಎರಡು ಕಟ್ಟಡಗಳನ್ನು ಬ್ಯಾಂಕ್ ಸಾಲ ಮಾಡಿ ಕೊಂಡಿದ್ದರು, ಕೊಂಡವರೇ ಬೆಲೆ ಹೇಳಿದರು. ಹಾಗಾಗಿ ಅವುಗಳ ಮೇಲೆ ನಂಬಿಕೆ ಇಟ್ಟೆ.

ಲಿಫ್ಟ್ ಇಲ್ಲ, ಒಂದು ಮಹಡಿ ಖಾಲಿ. ಇದನ್ನು ನೋಡಿ 5.5 ಇಟ್ಟುಕೊಂಡೆ. 8.10 ಲಕ್ಷವನ್ನು 0.055ರಿಂದ ಭಾಗಿಸಿದರೆ ಸುಮಾರು 1 ಕೋಟಿ 47 ಲಕ್ಷ. ಉದಾರವಾಗಿ 5 ಪರ್ಸೆಂಟ್ ಹಿಡಿದರೂ 1 ಕೋಟಿ 62 ಲಕ್ಷ. ಅರ್ಧ ಪರ್ಸೆಂಟಿಗೆ 15 ಲಕ್ಷ ಅಲ್ಲಾಡುತ್ತದೆ. ಅದಕ್ಕೇ ನಾನು ಯಾವಾಗಲೂ ಒಂದೇ ಬೆಲೆ ಹೇಳದೆ ಇಷ್ಟರಿಂದ ಇಷ್ಟರವರೆಗೆ ಅಂತ ಬರೆದುಕೊಳ್ಳುತ್ತೇನೆ. ಹೇಗೆ ಎಳೆದರೂ 2.40 ಕೋಟಿಗೆ ಮಾತ್ರ ಮುಟ್ಟಲಿಲ್ಲ. ಆ ಬೆಲೆಗೆ ಕೊಂಡರೆ ಸಿಗುವುದು 3.4 ಪರ್ಸೆಂಟ್.

ಹಾಗಾದರೆ ಅವರ ಬೆಲೆ ಹುಟ್ಟಿದ್ದು ಎಲ್ಲಿಂದ? ಕೇಳಿದಾಗ ಓನರ್ ನೇರವಾಗಿ ಹೇಳಿದರು: "ಸೈಟಿಗೇ ಚದರಡಿಗೆ 15,000 ಇದೆ ಸಾರ್, ಕಟ್ಟಡ ಬೇರೆ." 1,200 ಚದರಡಿಗೆ 1.80 ಕೋಟಿ ಆಯಿತು. ಕಟ್ಟಡಕ್ಕೆ 60 ಲಕ್ಷ ಅವರ ಲೆಕ್ಕ. ನನ್ನ ಪ್ರಕಾರ ಇಂಥ 2,800 ಚದರಡಿ ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು 56 ಲಕ್ಷ. ಆಯಸ್ಸು 60 ವರ್ಷ ಅಂದುಕೊಂಡರೆ ಮೂರರಲ್ಲಿ ಒಂದು ಭಾಗ ಸವೆದಿದೆ. ಉಳಿದದ್ದು 37 ಲಕ್ಷ.

ಇನ್ನು ಸೈಟಿನ ದರ. ಒಂದೂವರೆ ಕೋಟಿಗೆ ಹೋದ ಕಟ್ಟಡವೂ 30×40 ಸೈಟೇ, ಹೆಚ್ಚುಕಡಿಮೆ ಇದೇ ವಯಸ್ಸಿನದು. ಅದರಿಂದ ಕಟ್ಟಡದ ಪಾಲು 35 ಲಕ್ಷ ತೆಗೆದರೆ ಸೈಟಿಗೆ ಉಳಿಯುವುದು 1.15 ಕೋಟಿ, ಚದರಡಿಗೆ 9,600ರ ಹತ್ತಿರ. ನನ್ನ 1.47 ಕೋಟಿಯಿಂದ ಅದೇ ರೀತಿ 37 ಲಕ್ಷ ತೆಗೆದರೆ ಚದರಡಿಗೆ 9,200ರ ಹತ್ತಿರ. ಎರಡು ದಾರಿಯೂ ಪಕ್ಕಪಕ್ಕದಲ್ಲೇ ಬಂದು ನಿಂತವು. 15,000 ಅನ್ನುವುದು ಮುಖ್ಯರಸ್ತೆಯ ಖಾಲಿ ಸೈಟಿಗೆ ಹೇಳುತ್ತಿದ್ದ ದರ, ಅದೂ ಇನ್ನೂ ಮಾರಾಟವಾಗಿರಲಿಲ್ಲ. ಕಟ್ಟಡ ಕೆಡವಿ ದೊಡ್ಡದು ಕಟ್ಟುವವರಿಗೆ ಸೈಟಿನ ಬೆಲೆಯೇ ಮುಖ್ಯ, ಬಾಡಿಗೆ ಲೆಕ್ಕ ಅವರಿಗೆ ಬೇಡ. ನಾವು ಅಂಥವರಲ್ಲ.

ತಮ್ಮ ಮಾತ್ರ ಪಟ್ಟು ಬಿಡಲಿಲ್ಲ. "ಬಾಡಿಗೆ ಏರುತ್ತಲ್ಲಣ್ಣ?" ಅಂದ. ಕರಾರಿನಲ್ಲಿ ವರ್ಷಕ್ಕೆ 5 ಪರ್ಸೆಂಟ್ ಏರಿಕೆ ಬರೆದಿತ್ತು. ಅದು ಎಂದೂ ತಪ್ಪದೆ ನಡೆದು, ಅದರ ಜೊತೆ ಕಟ್ಟಡದ ಬೆಲೆಯೂ ಅಷ್ಟೇ ಏರಿದರೂ ಅವರ ಬೆಲೆಯಲ್ಲಿ ನಮಗೆ 3.4ಕ್ಕೆ 5 ಕೂಡಿ ವರ್ಷಕ್ಕೆ 8.4. ನನ್ನ ಬೆಲೆಯಲ್ಲಿ 10.5. ಮೂರು ಸಾವಿರ ಇಳಿಸಿಕೊಂಡು ಕೂತ ಬೇಕರಿಯನ್ನು ನೋಡಿದ ಮೇಲೆ ಆ 5ರ ಮೇಲೂ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಇನ್ನೊಂದು ವಿಷಯವನ್ನು ಬ್ರೋಕರ್‌ಗಳು ಸಾಮಾನ್ಯವಾಗಿ ಎತ್ತುವುದೇ ಇಲ್ಲ. ಬಾಡಿಗೆದಾರರ ಅಡ್ವಾನ್ಸ್. ಮೂವರದ್ದೂ ಸೇರಿ 7.20 ಲಕ್ಷ ಓನರ್ ಕೈಯಲ್ಲಿತ್ತು. ಕಟ್ಟಡ ನಮ್ಮದಾದ ಮೇಲೆ ಬಾಡಿಗೆದಾರರು ಖಾಲಿ ಮಾಡುವಾಗ ಆ ದುಡ್ಡನ್ನು ನಮ್ಮ ಹತ್ತಿರ ಕೇಳುತ್ತಾರೆ. ಆದ್ದರಿಂದ ಯಾವ ಬೆಲೆಗೆ ಒಪ್ಪಿದರೂ ರಿಜಿಸ್ಟ್ರೇಷನ್ ದಿನ ಅಷ್ಟನ್ನು ಹಿಡಿದುಕೊಂಡೇ ಉಳಿದದ್ದು ಕೊಡಬೇಕು, ಮತ್ತು ಅದನ್ನು ಮಾರಾಟದ ಕರಾರಿನಲ್ಲಿ ಬರೆಸಬೇಕು.

1.50 ಕೋಟಿ ಹೇಳಿದೆವು. ಓನರ್ ಬೇಸರ ಮಾಡಿಕೊಳ್ಳಲಿಲ್ಲ, ನನ್ನ ಹಾಳೆಯನ್ನು ಪೂರ್ತಿ ಓದಿದರು. ಖಾಲಿ ಮಹಡಿಯ ಬಾಡಿಗೆ ಮಾತ್ರ ಒಪ್ಪಲಿಲ್ಲ. ಸರಿ, ಅವರ 26,000 ಸಿಕ್ಕರೆ ಎಷ್ಟಾಗುತ್ತದೆ ಅಂತ ಅಲ್ಲೇ ಹಾಕಿ ತೋರಿಸಿದೆ. ತಿಂಗಳಿಗೆ 9,000 ಹೆಚ್ಚು, ಒಂದು ತಿಂಗಳು ಬಿಟ್ಟು ವರ್ಷಕ್ಕೆ 99,000, ಬೆಲೆಯಲ್ಲಿ 18 ಲಕ್ಷ. "ಆ ಬಾಡಿಗೆಗೆ ಯಾರನ್ನಾದರೂ ಕೂರಿಸಿ, ಆ 18 ಲಕ್ಷವನ್ನೂ ಸೇರಿಸಿ ಕೊಡ್ತೀವಿ" ಅಂದೆ. ಅವರು 2.05ಕ್ಕೆ ಇಳಿದು ಅಲ್ಲೇ ನಿಂತರು. ನಾವು ಬಿಟ್ಟೆವು. ಆಮೇಲೆ ಆ ಮಹಡಿಗೆ ಒಂದು ಯೋಗ ತರಗತಿ ಬಂತು, 16,000ಕ್ಕೆ.